ಸಹಾಯ ಬೇಕು: ಮನೆಯ ಎಸಿಯ ಸಿಒಪಿ ಲೆಕ್ಕ ಸರಿಯೇ?

ಕಲಬುರಗಿಯ ನಮ್ಮ ಮನೆಯ ಕೋಣೆಯೊಂದರಿಂದ ಬೇಸಿಗೆಯಲ್ಲಿ 3.5 ಕಿಲೋವ್ಯಾಟ್ ಶಾಖವನ್ನು ಹೊರಹಾಕಬೇಕೆಂದೂ, ಎಸಿ ಅದಕ್ಕೆ 1 ಕಿಲೋವ್ಯಾಟ್ ವಿದ್ಯುತ್ ಬಳಸುತ್ತದೆಂದೂ ಇಟ್ಟುಕೊಂಡಿದ್ದೇನೆ. ನಮಗೆ ಬೇಕಾದದ್ದು ಒಳಗಿನ ತಂಪಾದ್ದರಿಂದ, ಫ್ರಿಜ್ಜಿನಂತೆಯೇ ಇದರ ಸಿಒಪಿ, ಅಂದರೆ ಬೇಕಾದ ಫಲಕ್ಕೂ ಬಳಸಿದ ವಿದ್ಯುತ್ತಿಗೂ ಇರುವ ಅನುಪಾತ, 3.5 ಆಗುತ್ತದೆ. ಆದರೆ ಕಂಪ್ರೆಸರಿಗೆ ಕೊಟ್ಟ ವಿದ್ಯುತ್ತೂ ಕೊನೆಗೆ ಶಾಖವಾಗಿ ಹೊರಗಿನ ಘಟಕದಿಂದಲೇ ಹೋಗುವುದರಿಂದ ಅಲ್ಲಿ 4.5 ಕಿಲೋವ್ಯಾಟ್ ಹೊರಬೀಳುತ್ತದೆ. ಆ ಶಾಖವೇ ಬೇಕಾಗಿದ್ದರೆ, ಅಂದರೆ ಇದೇ ಯಂತ್ರ ಹೀಟ್ ಪಂಪ್ ಆಗಿದ್ದರೆ, ಸಿಒಪಿ 4.5 ಎನ್ನಬೇಕು. ಇಲ್ಲಿಯವರೆಗೆ ಗೊಂದಲವಿಲ್ಲ.

ತೊಡಕಿರುವುದು ಹೊರಗಿನ ತಾಪಮಾನದಲ್ಲಿ. ಮೇಲಿನ 3.5 ಎಂಬುದು ಹೊರಗೆ 35 ಡಿಗ್ರಿ ಇದ್ದಾಗಿನ ಮೌಲ್ಯ. ನಮ್ಮಲ್ಲಿ ಮೇ ತಿಂಗಳಲ್ಲಿ 42 ದಾಟುವುದು ಹೊಸದಲ್ಲ. ಒಳಗಿನ ಸುರುಳಿ 10 ಡಿಗ್ರಿ, ಹೊರಗಿನದು 50 ಡಿಗ್ರಿ ಎಂದು ಊಹಿಸಿದರೆ ಕಾರ್ನೋ ಮಿತಿ, ಎಂದರೆ ಸಿದ್ಧಾಂತದ ಪ್ರಕಾರ ಸಾಧ್ಯವಿರುವ ಗರಿಷ್ಠ ಸಿಒಪಿ, ಕೆಲ್ವಿನ್ ಲೆಕ್ಕದಲ್ಲಿ 283/40, ಅಂದರೆ ಸುಮಾರು 7.1, ನಿಜವಾದ ಸಿಒಪಿ ಅದರ ಅರ್ಧದಷ್ಟು. ಹೊರಗಿನ ಸುರುಳಿ 57ಕ್ಕೆ ಏರಿದಾಗ ಮಿತಿ 6.0ಕ್ಕೆ ಇಳಿಯುವುದರಿಂದ, ಅದೇ ಅನುಪಾತದಲ್ಲಿ ಸಿಒಪಿ ಸುಮಾರು 3 ಆಗಿ, ಅಷ್ಟೇ ತಂಪಿಗೆ 1.17 ಕಿಲೋವ್ಯಾಟ್ ಬೇಕಾಗುತ್ತದೆ.

ಈ ಅನುಪಾತ ಬದಲಾಗುವುದಿಲ್ಲವೆಂದು ಭಾವಿಸುವುದು ಸರಿಯೇ, ಅಥವಾ ಒತ್ತಡ ಹೆಚ್ಚಿದಂತೆ ಕಂಪ್ರೆಸರಿನ ದಕ್ಷತೆಯೂ ಕುಸಿಯುತ್ತದೆಂದು ಸಿಒಪಿಯನ್ನು ಇನ್ನಷ್ಟು ಇಳಿಸಬೇಕೇ? ಹವಾನಿಯಂತ್ರಣ ಕ್ಷೇತ್ರದಲ್ಲಿ ಕೆಲಸ ಮಾಡುವವರು ದಯವಿಟ್ಟು ತಿಳಿಸಿ.