ಮೈಕ್ರೋವೇವ್ ಆನ್ ಮಾಡಿದ್ರೆ ವೈಫೈ ಕೈಕೊಡುತ್ತೆ, ಏನ್ ಮಾಡೋದು?

ಕೇಳಿದವರು: ಓವನ್ ಆನ್ ಮಾಡಿದ ಕೂಡಲೇ ಹಾಲ್‌ನಲ್ಲಿ ವಿಡಿಯೋ ನಿಂತುಹೋಗುತ್ತೆ. ರೂಟರ್ ಗೋಡೆಯ ಈಚೆ ಇದೆ. ಹೊಸದು ತಗೊಳ್ಳಲೇಬೇಕಾ? ಅನುಭವ ಇದ್ದವರು ಹೇಳಿ.

ಹಳೇರೂಟರ್: ನಾನು 4,200 ಕೊಟ್ಟು ಡ್ಯುಯಲ್ ಬ್ಯಾಂಡ್ ತಂದೆ. ಟಿವಿ 5 ಗಿಗಾಹರ್ಟ್ಸ್‌ಗೆ ಹೋಯ್ತು, ಅದು ಸರಿಯಾಯ್ತು. ಆದ್ರೆ ಎರಡು ಗೋಡೆ ದಾಟಿ ರೂಮಿಗೆ 5 ಬರಲ್ಲ. 1,800ರ ಎಕ್ಸ್‌ಟೆಂಡರ್ ಹಾಕಿದೆ, ಅದು ರೂಟರ್ ಜೊತೆ ಮಾತಾಡೋದೇ 2.4ರಲ್ಲಿ. ಓವನ್ ಆನ್ ಆದ್ರೆ ಆ ರೂಮು ಮತ್ತೆ ಕಟ್. 6,000 ಹೋಯ್ತು.

ಚಾನಲ್ಒಂದು: ದುಡ್ಡು ಯಾಕೆ ಸುರಿಯೋದು? ಓವನ್ 2450 ಮೆಗಾಹರ್ಟ್ಸ್, ಚಾನಲ್ 1 ಇರೋದು 2412ರಲ್ಲಿ. ಆಟೋ ತೆಗೆದು 1 ಇಡಿ, ಮುಗೀತು.

ತಂತಿಮನೆ: ಮುಗಿಯಲ್ಲ ಸಾರ್. 2450 ಅನ್ನೋದು ಓವನ್ ಹಿಂದಿನ ಲೇಬಲ್‌ನ ಲೆಕ್ಕ. ಒಳಗೆ ಅಲೆ ಹುಟ್ಟಿಸೋ ಮ್ಯಾಗ್ನೆಟ್ರಾನ್ ಒಂದೇ ಕಡೆ ನಿಲ್ಲಲ್ಲ, ಆಚೀಚೆ ಹರಡುತ್ತೆ. ಟ್ರಾನ್ಸ್‌ಫಾರ್ಮರ್ ಓವನ್ ಆದ್ರೆ 50 ಹರ್ಟ್ಸ್ ಕರೆಂಟಿನ ಅರ್ಧ ಸೈಕಲ್ ಮಾತ್ರ ಗದ್ದಲ: ಸುಮಾರು 10 ಮಿಲಿಸೆಕೆಂಡ್ ಗದ್ದಲ, 10 ಮೌನ. ಆ ಸಂದಿನಲ್ಲಿ ಚಿಕ್ಕ ಪ್ಯಾಕೆಟ್ ನುಸುಳುತ್ತೆ, ಅದಕ್ಕೇ ಮೆಸೇಜ್ ಹೋಗುತ್ತೆ, ವಿಡಿಯೋ ನಿಲ್ಲುತ್ತೆ. ಪ್ಯಾಕೆಟ್ ಕಳೆದಾಗ ರೂಟರ್ ವೇಗ ಇಳಿಸುತ್ತೆ. ನಿಧಾನವಾದ ಪ್ಯಾಕೆಟ್ ಗಾಳಿಯಲ್ಲಿ ಇನ್ನೂ ಹೊತ್ತು ಇರುತ್ತೆ, ಪೆಟ್ಟು ತಿನ್ನೋದು ಇನ್ನೂ ಜಾಸ್ತಿ. ಇನ್ವರ್ಟರ್ ಓವನ್‌ನಲ್ಲಿ ಈ ಸಂದೂ ಕಮ್ಮಿ.

ಮೊದಲು ಪರೀಕ್ಷೆ ಮಾಡಿ. ಒಳಗೆ ಒಂದು ಲೋಟ ನೀರಿಡಿ, ಖಾಲಿ ಓಡಿಸಬೇಡಿ. ಪವರ್ ಮೀಡಿಯಂ. ವೈಫೈನಲ್ಲಿರೋ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ರೂಟರ್‌ಗೇ ಪಿಂಗ್ ಮಾಡಿ, ಇಂಟರ್ನೆಟ್‌ಗಲ್ಲ (ನಿಮ್ಮ ರೂಟರ್ ವಿಳಾಸ ಹಾಕಿ):

```
ping -t 192.168.1.1
```

ಮೀಡಿಯಂನಲ್ಲಿ ಟ್ರಾನ್ಸ್‌ಫಾರ್ಮರ್ ಓವನ್ ಕೆಲ ಸೆಕೆಂಡು ಉರಿದು ಆರುತ್ತೆ. ಪಿಂಗ್ ಅದೇ ತಾಳಕ್ಕೆ ಹಾಳಾದ್ರೆ ಓವನ್ನೇ ಕಾರಣ. 1, 6, 11 ಮೂರರಲ್ಲೂ ನೋಡಿ. ಚಾನಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ. 40 ಇದ್ರೆ ಅರ್ಧ ಬ್ಯಾಂಡೇ ಹಿಡಿಯುತ್ತೆ, ತಪ್ಪಿಸಿಕೊಳ್ಳೋಕೆ ಜಾಗ ಇರಲ್ಲ.

ಚಾನಲ್ಒಂದು: ನಮ್ಮನೇಲಿ 1ರಲ್ಲಿ ಎರಡು ವರ್ಷ ಒಂದು ಸಲವೂ ನಿಂತಿಲ್ಲ. ಪುಸ್ತಕದ ಮಾತು ಬೇಡ.

ತಂತಿಮನೆ: ನಿಮ್ಮ ಓವನ್ ಹರಡೋದು ಕಮ್ಮಿ ಇರಬಹುದು. ಎಲ್ಲರ ಓವನ್ನೂ ನಿಮ್ಮದಲ್ಲ.

ಕಿವಿಯೊಳಗೆ: ನನ್ನ ಬ್ಲೂಟೂತ್ ಇಯರ್‌ಫೋನ್ ಲ್ಯಾಪ್‌ಟಾಪ್‌ನಲ್ಲಿ ಕಟ್ ಆಗುತ್ತೆ, ಇದೂ ಓವನ್ನಾ?

ತಂತಿಮನೆ: ಬ್ಲೂಟೂತ್ ಸೆಕೆಂಡಿಗೆ 1600 ಸಲ ಚಾನಲ್‌ನಿಂದ ಚಾನಲ್‌ಗೆ ಹಾರುತ್ತೆ, ಗದ್ದಲದ ಚಾನಲ್‌ಗಳನ್ನ ಬಿಟ್ಟೂ ಬಿಡುತ್ತೆ, ಹಾಗಾಗಿ ಓವನ್ನೇ ಅಂತ ಹೇಳೋಕಾಗಲ್ಲ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3 ಡಿಸ್ಕ್ ಸಿಕ್ಕಿಸಿದ್ರೆ ತೆಗೆದು ನೋಡಿ, ಅದರ ಕೇಬಲ್ಲೂ 2.4ರಲ್ಲಿ ಗದ್ದಲ ಮಾಡುತ್ತೆ.

ಕೇಳಿದವರು: ನೋಡಿದೆ. 3 ಇದ್ದ ಪಿಂಗ್ 400, 700, ಆಮೇಲೆ ಟೈಮ್‌ಔಟ್. ಗುಂಯ್ ನಿಂತಾಗ ಸರಿ. ಚಾನಲ್ 1, ಅಗಲ 20ರಲ್ಲಿ ಟೈಮ್‌ಔಟ್ ಕಮ್ಮಿ, ಆದ್ರೆ ಓವನ್ ಆಫ್ ಇದ್ದಾಗ್ಲೂ ಒಮ್ಮೊಮ್ಮೆ ಏರುತ್ತೆ. ರೂಟರ್ ಪಕ್ಕದಲ್ಲೇ ಕಾರ್ಡ್‌ಲೆಸ್ ಫೋನ್ ಇದೆ, ಕೆಳಗೆ 2.4GHz ಅಂತ ಬರೆದಿದೆ.

ಹಳೇರೂಟರ್: ಅದನ್ನ ಮೊದಲೇ ಹೇಳ್ಬೇಕಿತ್ತು!

ತಂತಿಮನೆ: ಆ ಫೋನ್ ಇಡೀ ಬ್ಯಾಂಡ್‌ನಲ್ಲಿ ಹಾರೋ ಜಾತಿಯದಾದ್ರೆ ಚಾನಲ್ ಬದಲಾಯಿಸಿ ಪ್ರಯೋಜನ ಇಲ್ಲ. ಒಂದು ದಿನ ಬೇಸ್‌ನ ಪ್ಲಗ್ ಕಿತ್ತು ಪಿಂಗ್ ನೋಡಿ. ಸರಿಯಾದ್ರೆ ಬೇಸನ್ನ ಇನ್ನೊಂದು ರೂಮಿಗೆ ಸಾಗಿಸಿ.

ಚಾನಲ್ಒಂದು: ಆದ್ರೂ ಚಾನಲ್ 1ರಲ್ಲೇ ಕಮ್ಮಿ ಆಯ್ತು ತಾನೆ?