ಸೋಮವಾರ ಮಾತ್ರ ಯಾಕೆ ಕೈಕೊಡುತ್ತೆ? ‘ಅಂದೇ ರವಾನೆ’ ಕಟ್‌ಆಫ್ ಬಗ್ಗೆ ಅನುಭವ ಹೇಳಿ

ಕೇಳಿದವರು: ಸುಂಟಿಕೊಪ್ಪ, ಕಾಫಿಪುಡಿ–ಕರಿಮೆಣಸು ಆನ್‌ಲೈನ್ ಮಾರಾಟ

ನಮ್ಮ ಸೈಟಿನಲ್ಲಿ ‘ಮಧ್ಯಾಹ್ನ 3ರೊಳಗೆ ಆರ್ಡರ್ ಮಾಡಿದರೆ ಅಂದೇ ರವಾನೆ’ ಅಂತ ಹಾಕಿದ್ದೇವೆ. ಉಳಿದ ದಿನ ಸರಿಹೋಗುತ್ತೆ, ಸೋಮವಾರ ಮಾತ್ರ ಮಾತು ತಪ್ಪುತ್ತೆ. ಪ್ಯಾಕಿಂಗಿಗೆ ಇಬ್ಬರು. ಫೋನ್ ಮಾಡಿ ಅವಸರ ಮಾಡಿದವರದ್ದನ್ನು ಮೊದಲು ಕಟ್ಟಿ, ಸುಮ್ಮನಿದ್ದವರದ್ದು ಹಿಂದೆ ಬೀಳ್ತಾ ಇದೆ. ಯಾವ ಆರ್ಡರ್ ಮೊದಲು ತಗೋಬೇಕು, ಕಟ್‌ಆಫ್ ಎಷ್ಟು ಹೊತ್ತಿಗಿಡಬೇಕು?

ಗೋಣಿಕೊಪ್ಪ, ಜೇನು ಮಾರುವವರು

ಇದಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ. ಮೊದಲು ಬಂದದ್ದು ಮೊದಲು ಹೋಗಬೇಕು, ಅಷ್ಟೇ. ಫೋನ್ ಮಾಡಿದವರಿಗೆ ‘ಸಾಲಲ್ಲಿದೆ’ ಅಂತ ಹೇಳಿ ಇಟ್ಟುಬಿಡಿ. ಕಟ್‌ಆಫ್ 12 ಗಂಟೆ ಮಾಡಿ. ನಾವು ಹಾಗೇ ಮಾಡಿದ್ದೇವೆ, ಗಲಾಟೆ ಇಲ್ಲ.

ಸೋಮವಾರಪೇಟೆ, ಏಲಕ್ಕಿ ಬೆಳೆಗಾರರು

ಬೆಂಗಳೂರಿನಲ್ಲಿರೋ ತಂಗಿಗೆ ನಾನು ಬಸ್ಸಿನಲ್ಲೇ ಪಾರ್ಸೆಲ್ ಹಾಕಿಬಿಡ್ತೇನೆ. ರಾತ್ರಿ ಬಸ್ಸಿಗೆ ಕೊಟ್ಟರೆ ಬೆಳಿಗ್ಗೆ ಸಿಗುತ್ತೆ, ಕಟ್‌ಆಫ್ ಇಲ್ಲ, ಲೇಬಲ್ ಇಲ್ಲ. ನೀವೂ ಯಾಕೆ ಹಾಗೆ ಮಾಡಬಾರದು?

ಕೇಳಿದವರು

ಅಣ್ಣ, ತಂಗಿ ಆದರೆ ಬಸ್ ಸ್ಟ್ಯಾಂಡಿಗೆ ಬಂದು ತಗೊಂಡು ಹೋಗ್ತಾರೆ. ಗಿರಾಕಿಗೆ ಮನೆ ಬಾಗಿಲಿಗೇ ಬೇಕು.

ಕುಶಾಲನಗರ, ಮಸಾಲೆ ಕಂಪನಿಯೊಂದರ ಪ್ಯಾಕಿಂಗ್ ವಿಭಾಗ ನೋಡಿಕೊಂಡವರು

ಮೇಡಂ, ನಾಲ್ಕು ವಿಷಯ ಹೇಳಿ, ಲೆಕ್ಕ ಹಾಕೋಣ. ಗಾಡಿ ಎಷ್ಟಕ್ಕೆ ಬರುತ್ತೆ? ಇಬ್ಬರೂ ಸೇರಿ ಗಂಟೆಗೆ ಎಷ್ಟು ಕಟ್ತಾರೆ? ಸೋಮವಾರ ಬೆಳಿಗ್ಗೆ ಎಷ್ಟು ಬಾಕಿ ಇರುತ್ತೆ? ಆಮೇಲೆ ಗಂಟೆಗೆ ಎಷ್ಟು ಬರುತ್ತೆ?

ಕೇಳಿದವರು

ಗಾಡಿ 4:30ಕ್ಕೆ. ಕೆಲಸ 9:30ಕ್ಕೆ ಶುರು, ಊಟಕ್ಕೆ 45 ನಿಮಿಷ ಇಬ್ಬರೂ ಒಟ್ಟಿಗೆ ಹೋಗ್ತಾರೆ. ಇಬ್ಬರೂ ಸೇರಿ ಗಂಟೆಗೆ 20. ಶನಿವಾರ ಸಂಜೆಯಿಂದ ಕೂಡಿದ್ದು ಸೇರಿ ಸೋಮವಾರ ಬೆಳಿಗ್ಗೆಗೆ ಸುಮಾರು 90, ಉಳಿದ ದಿನ 40. ಆಮೇಲೆ ಗಂಟೆಗೆ ಹತ್ತರಂತೆ.

ಕುಶಾಲನಗರ

ಉತ್ತರ ನಿಮ್ಮ ಲೆಕ್ಕದಲ್ಲೇ ಇದೆ. ಗಾಡಿ 4:30ಕ್ಕೆ ಅಂದರೆ ಕಟ್ಟೋದು 4:10ಕ್ಕೆ ನಿಲ್ಲಬೇಕು. ಕೊರಿಯರ್ ಪ್ರಕಾರ ವಿಂಗಡಿಸಿ, ಪಟ್ಟಿ ತೆಗೆದು, ಡ್ರೈವರ್ ಎದುರು ಎಣಿಸಿಕೊಡೋಕೆ ಇಪ್ಪತ್ತು ನಿಮಿಷ ಬೇಕೇ ಬೇಕು. 9:30ರಿಂದ 4:10ರವರೆಗೆ, ಊಟ ಕಳೆದರೆ, 5 ಗಂಟೆ 55 ನಿಮಿಷ. ಗಂಟೆಗೆ 20ರಂತೆ ದಿನಕ್ಕೆ 118 ಪಾರ್ಸೆಲ್. ಇದು ನಿಮ್ಮ ಮಿತಿ.

ಸೋಮವಾರ 3 ಗಂಟೆಯವರೆಗೆ ಬಂದವು 90 ಮತ್ತು 55, ಒಟ್ಟು 145. ಅಂದರೆ ಇಪ್ಪತ್ತೇಳು ಪಾರ್ಸೆಲ್ ಉಳಿಯಲೇಬೇಕು, ಎಷ್ಟು ಓಡಾಡಿದರೂ. ಕಟ್‌ಆಫ್ 12 ಆಗಿದ್ದರೆ 115, ಮುಗಿಯುತ್ತೆ. ಮಂಗಳವಾರ 3ಕ್ಕೆ 40 ಮತ್ತು 55, ಬರೀ 95. ಆ ಹೊತ್ತಿಗೆ ನಿಮ್ಮವರು ಎಲ್ಲ ಕಟ್ಟಿ ಮುಗಿಸಿರ್ತಾರೆ. ಹಾಗಾಗಿ ಮಂಗಳವಾರ 12ಕ್ಕೆ ಬಾಗಿಲು ಹಾಕಿದರೆ ಕೈಗೆ ಬಂದ ವ್ಯಾಪಾರ ಸುಮ್ಮನೆ ನಾಳೆಗೆ ತಳ್ಳಿದ ಹಾಗೆ. ಗೋಣಿಕೊಪ್ಪದವರ 12 ಗಂಟೆ ನಿಮ್ಮ ಸೋಮವಾರಕ್ಕೆ ಸರಿ, ಉಳಿದ ದಿನಕ್ಕಲ್ಲ.

ಆದರೆ ಆ 20 ಅನ್ನೋದನ್ನು ನಂಬಬೇಡಿ. ಅದು ಚೆನ್ನಾಗಿ ನಡೆದ ದಿನದ ಲೆಕ್ಕ ಇರಬಹುದು. ಸೋಮವಾರ ಗಡಿಯಾರ ಇಟ್ಟು ಅಳೆಯಿರಿ. 18 ಬಂದರೆ ದಿನದ ಮಿತಿ 106ಕ್ಕೆ ಇಳಿಯುತ್ತೆ, ಕಟ್‌ಆಫ್ 11ಕ್ಕೆ ಬರುತ್ತೆ. ಗಂಟೆಗೆ ಎರಡು ಪಾರ್ಸೆಲ್ ಕಮ್ಮಿಯಾದರೆ ಒಂದು ಗಂಟೆ ಹೋಯ್ತು.

ಕೇಳಿದವರು

ಸಾರ್, 20 ಅನ್ನೋದು ಮೆಣಸು, ಮೊದಲೇ ಕಟ್ಟಿಟ್ಟ ಪ್ಯಾಕೆಟ್‌ಗಳ ಲೆಕ್ಕ. ಕಾಫಿ ಆರ್ಡರ್ ಬಂದ ಮೇಲೆಯೇ ಪುಡಿ ಮಾಡ್ತೇವೆ. ಅದು ನಿಧಾನ.

ಕುಶಾಲನಗರ

ಹಾಗಾದರೆ ನಿಮ್ಮನ್ನು ತಡೆಯುತ್ತಿರೋದು ಪ್ಯಾಕಿಂಗ್ ಮೇಜಲ್ಲ, ಗ್ರೈಂಡರ್. ‘ಮೊದಲು ಬಂದದ್ದು ಮೊದಲು’ ಅಂತ ಕಣ್ಣು ಮುಚ್ಚಿ ಹೋದರೆ ಪ್ರತಿ ಪೊಟ್ಟಣಕ್ಕೂ ಗ್ರೈಂಡರ್ ಸೆಟ್ಟಿಂಗ್ ಬದಲಿಸಬೇಕು. ಚಿಕೋರಿ ಬೆರೆಸಿದ್ದು ಹೋದ ಮೇಲೆ ಶುದ್ಧ ಕಾಫಿ ಹಾಕಿದರೆ ಉಳಿದ ಪುಡಿ ಅದಕ್ಕೆ ಸೇರುತ್ತೆ, ಪ್ರತಿಸಲ ಬಿಚ್ಚಿ ಒರೆಸಬೇಕು. ಬೆಳಿಗ್ಗೆ ಬಾಕಿ ಇರೋ ಕಾಫಿ ಆರ್ಡರ್‌ಗಳನ್ನೆಲ್ಲ ಒಟ್ಟಿಗೆ ಪುಡಿ ಮಾಡಿ: ಮೊದಲು ಶುದ್ಧ ಕಾಫಿ, ಅದರಲ್ಲೂ ಒಂದೇ ಸೆಟ್ಟಿಂಗಿನದ್ದು ಜೊತೆಗೆ, ಕೊನೆಗೆ ಚಿಕೋರಿ ಮಿಶ್ರಣ. ಮಧ್ಯಾಹ್ನ ಇನ್ನೊಂದು ಸುತ್ತು. ಆ ಎರಡನೇ ಸುತ್ತು ಎಷ್ಟಕ್ಕೆ ಶುರುವಾಗುತ್ತೋ ಪುಡಿ ಕಾಫಿಗೆ ಅದೇ ಕಟ್‌ಆಫ್. ಮೆಣಸು, ಹುರಿದ ಬೀಜಕ್ಕೆ ಬೇರೆ ಹೊತ್ತು ಇಡಬಹುದು.

ಸಾಲಿನಲ್ಲಿ ಯಾರು ಮೊದಲು ಅಂದರೆ, ನಿನ್ನೆ ಉಳಿದದ್ದು ಎಲ್ಲಕ್ಕಿಂತ ಮೊದಲು, ಇದರಲ್ಲಿ ಮಾತೇ ಇಲ್ಲ. ಆಮೇಲೆ ಬೇಗ ಹೊರಡೋ ಗಾಡಿಯದ್ದು. ನೀವು ಸ್ಪೀಡ್ ಪೋಸ್ಟೂ ಕಳಿಸೋದಾದರೆ ಅಂಚೆ ಕಚೇರಿಯಲ್ಲಿ ಕೌಂಟರ್ ಮುಚ್ಚೋ ಹೊತ್ತು ಕೇಳಬೇಡಿ, ಚೀಲ ಕಟ್ಟೋ ಹೊತ್ತು ಕೇಳಿ. ಅದಕ್ಕೆ ಮುಂಚೆ ಮುಟ್ಟಿಸಿದರೆ ಮಾತ್ರ ಅಂದೇ ಹೊರಡೋದು. ಇವೆರಡೂ ಸಮ ಇದ್ದಾಗ ಗೋಣಿಕೊಪ್ಪದವರು ಹೇಳಿದ ಹಾಗೆ, ಬಂದ ಕ್ರಮದಲ್ಲಿ. ಹೋಂಸ್ಟೇಗೆ ಇಪ್ಪತ್ತು ಕಿಲೋ ಹೋಗೋದಿದ್ದರೆ ಅದನ್ನು ಈ ಸಾಲಿಗೆ ಸೇರಿಸಬೇಡಿ, ಗಾಡಿ ಹೋದ ಮೇಲೆ ಕಟ್ಟಿ.

ಫೋನ್ ಮಾಡಿದವರ ವಿಷಯಕ್ಕೆ, ದಿನಕ್ಕೆ ಮೂರು ‘ಅವಸರ’ ಚೀಟಿ ಮಾತ್ರ ಇಡಿ, ಕೆಂಪು ಕಾಗದದ್ದು. ಮೂರೂ ಮುಗಿದರೆ ಯಜಮಾನರು ಹೇಳಿದರೂ ಇಲ್ಲ.

ವಿರಾಜಪೇಟೆ, ಹೋಂಮೇಡ್ ಚಾಕೊಲೇಟ್

ಲೆಕ್ಕ ಒಪ್ಪಿದೆ, ಆದರೆ ಸೋಮವಾರಕ್ಕೊಂದು ಹೊತ್ತು, ಮಂಗಳವಾರಕ್ಕೊಂದು ಹೊತ್ತು ಅಂದರೆ ಗಿರಾಕಿಗೆ ಗೊಂದಲ. ನಾನು ವಾರವಿಡೀ 11:30 ಇಟ್ಟಿದ್ದೇನೆ. ಬೇಗ ಮುಗಿದ ದಿನ ತಡವಾಗಿ ಬಂದದ್ದನ್ನೂ ಕಳಿಸ್ತೇನೆ, ಅವರಿಗೆ ಖುಷಿ.

ಕುಶಾಲನಗರ

ಅದೂ ಒಂದು ದಾರಿ. ಆದರೆ 12:15ಕ್ಕೆ ನಿಮ್ಮ ಸೈಟ್ ನೋಡಿ ‘ನಾಳೆ’ ಅಂತ ಕಂಡು ಬೇರೆ ಅಂಗಡಿಗೆ ಹೋದವರು ನಿಮ್ಮ ಲೆಕ್ಕಕ್ಕೆ ಸಿಗೋದೇ ಇಲ್ಲವಲ್ಲ.

ವಿರಾಜಪೇಟೆ

ಸಿಗೋದಿಲ್ಲ ನಿಜ. ಬೈಗುಳದ ಫೋನೂ ಬರೋದಿಲ್ಲ!

ಮಡಿಕೇರಿ, ಕೊರಿಯರ್ ಫ್ರಾಂಚೈಸಿ

ನಮ್ಮ ಕಡೆಯಿಂದಲೂ ಒಂದು ಮಾತು. 4:30 ಅನ್ನೋದು ಬೇಸಗೆಯ ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಜೋರಿದ್ದ ದಿನ ಗಾಡಿಯನ್ನು ಮೈಸೂರಿಗೆ ಬೇಗ ಬಿಡ್ತೇವೆ. ನಮ್ಮ ಜಿಲ್ಲೆಗೆ ರೈಲು ಇಲ್ಲ, ಎಲ್ಲಾ ರಸ್ತೆ ಮೇಲೆಯೇ ಹೋಗಬೇಕು. ಬೆಳಿಗ್ಗೆ ಹತ್ತಕ್ಕೇ ಫೋನ್ ಮಾಡಿ ಕೇಳಿ, ಅಂದಿನ ಹೊತ್ತು ಹೇಳ್ತೇವೆ. ಕರೆಂಟ್ ಹೋಗೋ ದಿನಕ್ಕೆ ಲೇಬಲ್ ಪ್ರಿಂಟರನ್ನೂ ಯುಪಿಎಸ್‌ಗೆ ಸೇರಿಸಿ. ಕಂಪ್ಯೂಟರಿಗೆ ಮಾತ್ರ ಯುಪಿಎಸ್ ಇಟ್ಟು ಲೇಬಲ್ ಇಲ್ಲದ ಪಾರ್ಸೆಲ್ ಹಿಡಿದು ನಿಂತವರನ್ನು ತುಂಬ ನೋಡಿದ್ದೇವೆ.

ಕೇಳಿದವರು

ತುಂಬ ಉಪಕಾರ. ಇನ್ನೊಂದು: ನಾವು ತಿಂಗಳಿಗೆ 98 ಶೇಕಡಾ ಅಂದೇ ಕಳಿಸಿದ್ದೇವೆ ಅಂತ ಸಾಫ್ಟ್‌ವೇರ್ ತೋರಿಸುತ್ತೆ. ಹಾಗಾದರೆ ಬೈಗುಳ ಎಲ್ಲಿಂದ?

ಕುಶಾಲನಗರ

ಲೇಬಲ್ ಪ್ರಿಂಟ್ ಆದ ತಕ್ಷಣ ಅದು ‘ಕಳಿಸಿದೆ’ ಅಂತ ಎಣಿಸುತ್ತಿರಬೇಕು. ಗಿರಾಕಿ ನೋಡೋದು ಕೊರಿಯರ್‌ನವರ ಮೊದಲ ಸ್ಕ್ಯಾನ್. ಲೇಬಲ್ ಸೋಮವಾರದ್ದು, ಸ್ಕ್ಯಾನ್ ಮಂಗಳವಾರದ್ದು ಇರೋ ಪಾರ್ಸೆಲ್‌ಗಳನ್ನು ಬೇರೆ ತೆಗೆಯಿರಿ. ಕಟ್‌ಆಫ್‌ಗೆ ಮುಂಚೆ ಹಣ ಬಂದ ಆರ್ಡರ್‌ಗಳಲ್ಲಿ ಅಂದೇ ಸ್ಕ್ಯಾನ್ ಆದದ್ದೆಷ್ಟು, ಅದೊಂದೇ ಲೆಕ್ಕ. ಅದನ್ನು ವಾರದ ದಿನದ ಪ್ರಕಾರ ಬೇರೆಬೇರೆ ಬರೆಯಿರಿ. ತಿಂಗಳ ಸರಾಸರಿಯಲ್ಲಿ ಸೋಮವಾರ ಮುಚ್ಚಿಹೋಗುತ್ತೆ.

ಗೋಣಿಕೊಪ್ಪ

ವಿಳಾಸ ಸರಿ ಇಲ್ಲದ್ದು, ಸ್ಟಾಕ್ ಇಲ್ಲದ್ದು? ಅವನ್ನೂ ಸೇರಿಸಬೇಕಾ?

ಕುಶಾಲನಗರ

ವಿಳಾಸದ್ದು ಗಿರಾಕಿ ತಪ್ಪು, ಬೇರೆ ಇಡಿ. ಸ್ಟಾಕ್ ಇಲ್ಲದೆ ಮಾರಿದ್ದು ನಮ್ಮದೇ, ಸೇರಿಸಿ.

ವಿರಾಜಪೇಟೆ

ಸೈಟಿನಲ್ಲಿ ಬೇಡಿದ್ದು ಸಿಕ್ಕದೇ ಹೋದರೆ ಅದು ಪ್ಯಾಕಿಂಗ್‌ನವರ ತಪ್ಪು ಹೇಗೆ? ನಾನು ಒಪ್ಪೋದಿಲ್ಲ, ಅವರ ಅಂಕ ಯಾಕೆ ಕೆಡಿಸಬೇಕು?

ಕೇಳಿದವರು

ಅದನ್ನು ನೀವಿಬ್ಬರೂ ತೀರ್ಮಾನಿಸಿ ಹೇಳಿ. ನಾನು ಬರೋ ಸೋಮವಾರ 11ಕ್ಕೆ ಇಟ್ಟು, ಗ್ರೈಂಡರ್ ಹತ್ತಿರ ಗಡಿಯಾರ ಇಟ್ಟು ಅಳೆದು, ಗಂಟೆಗೆ ಎಷ್ಟು ಬಂತು ಅಂತ ಇಲ್ಲೇ ಬರೀತೇನೆ.