ಗೇಟಿನ ಕೊಟೇಶನ್ ದುಬಾರಿ ಎನ್ನುವ ಗ್ರಾಹಕರಿಗೆ ಬೆಲೆಯನ್ನು ಬಿಡಿಸಿ ಹೇಳುವುದು ಹೇಗೆ?

ಪ್ರಶ್ನೆ (ಗುಬ್ಬಿಯ ವೆಲ್ಡಿಂಗ್ ಅಂಗಡಿಯವರು):
ಕ್ಯಾತ್ಸಂದ್ರದ ನಿವೃತ್ತ ಮೇಷ್ಟ್ರೊಬ್ಬರ ಮನೆಗೆ 12 ಅಡಿ ಅಗಲ, 5 ಅಡಿ ಎತ್ತರದ ಎರಡು ಬಾಗಿಲ ಗೇಟಿಗೆ 26,000 ರೂಪಾಯಿ ಎಂದು ಒಂದೇ ಸಾಲಿನ ಕೊಟೇಶನ್ ಕೊಟ್ಟಿದ್ದೇನೆ. ಬೇರೊಂದು ಅಂಗಡಿಯವರು 19,500ಕ್ಕೆ ಮಾಡಿಕೊಡುತ್ತಾರಂತೆ, ಆದ್ದರಿಂದ ನನ್ನ ದರ ಜಾಸ್ತಿ ಎನ್ನುತ್ತಿದ್ದಾರೆ. ಚೌಕಟ್ಟಿಗೆ ಎರಡು ಇಂಚಿನ 14 ಗೇಜ್ ಚೌಕ ಪೈಪು, ಮೇಲ್ಭಾಗಕ್ಕೆ 12 ಎಂ.ಎಂ. ಚೌಕ ಸರಳು, ಕೆಳಗಿನ ಎರಡು ಅಡಿಗೆ 16 ಗೇಜ್ ಶೀಟು ಹಾಕುತ್ತಿದ್ದೇನೆ. ಕಬ್ಬಿಣ ನನಗೆ ತೆರಿಗೆ ಸೇರಿ ಕೆಜಿಗೆ 75 ರೂಪಾಯಿ ಬೀಳುತ್ತದೆ. ನಾನು ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ. ಅವರಿಗೆ ಬೇಸರವಾಗದಂತೆ ಹೇಗೆ ವಿವರಿಸಲಿ?

ಉತ್ತರ (ತುಮಕೂರಿನ ಹಿರಿಯ ಫ್ಯಾಬ್ರಿಕೇಟರ್):
ಮೊದಲು ಕಬ್ಬಿಣದ ಲೆಕ್ಕವನ್ನು ತೂಕದಲ್ಲಿ ಹಾಕಿ, ಅದನ್ನು ಕಾಗದದ ಮೇಲೆ ಬರೆಯಿರಿ. ನಿಮ್ಮ ಗೇಟಿನ ಎರಡು ಬಾಗಿಲುಗಳಿಗೆ ಆರು ಅಡಿಯ ಆರು ತುಂಡು, ಐದು ಅಡಿಯ ನಾಲ್ಕು ತುಂಡು ಪೈಪು ಬೇಕು. ಇಪ್ಪತ್ತು ಅಡಿಯ ಒಂದು ಉದ್ದದಲ್ಲಿ ಆರು ಅಡಿಯ ಮೂರು ತುಂಡುಗಳಷ್ಟೇ ಬರುವುದರಿಂದ ಒಟ್ಟು ಮೂರು ಉದ್ದ ತರಬೇಕಾಗುತ್ತದೆ. ಎರಡು ಎಂ.ಎಂ. ದಪ್ಪದ ಈ ಪೈಪು ಮೀಟರಿಗೆ ಸುಮಾರು 3 ಕೆಜಿ ತೂಗುವುದರಿಂದ ಮೂರು ಉದ್ದಕ್ಕೆ 55 ಕೆಜಿ ಆಯಿತು. ನಾಲ್ಕು ಇಂಚಿಗೆ ಒಂದರಂತೆ ಸರಳು ಕೂರಿಸಿದರೆ ಬಾಗಿಲಿಗೆ 16 ಸರಳು ಬೇಕು, ಅದಕ್ಕೆ ಐದು ಉದ್ದ, ಅಂದರೆ 35 ಕೆಜಿ. ಶೀಟು ಎಂಟಕ್ಕೆ ನಾಲ್ಕು ಅಡಿಯದು ಒಂದು, 37 ಕೆಜಿ. ಒಟ್ಟು 127 ಕೆಜಿ, ನಿಮ್ಮ ದರದಲ್ಲಿ 9,525 ರೂಪಾಯಿ.

ಉಳಿದದ್ದನ್ನು ನಮ್ಮ ಕಡೆ ಸಾಮಾನ್ಯವಾಗಿ ನಡೆಯುವ ಲೆಕ್ಕದಲ್ಲಿ ಹಾಕಿದ್ದೇನೆ, ನಿಮ್ಮ ಖರ್ಚಿಗೆ ತಕ್ಕಂತೆ ತಿದ್ದಿಕೊಳ್ಳಿ. ಒಬ್ಬ ವೆಲ್ಡರ್ ಮತ್ತು ಒಬ್ಬ ಹೆಲ್ಪರ್ ಮೂರು ದಿನ ಕೆಲಸ ಮಾಡಿದರೆ ಕೂಲಿ 5,100 ರೂಪಾಯಿ, ಹಿಂಜು, ಚಿಲಕ, ಬೀಗದ ಪಟ್ಟಿಗೆ 1,600, ವೆಲ್ಡಿಂಗ್ ರಾಡ್, ಕಟಿಂಗ್ ವೀಲ್ ಹಾಗೂ ಕರೆಂಟಿಗೆ 1,400, ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು ಎರಡು ಕೋಟು ಬಣ್ಣ ಹೊಡೆಯಲು 2,200, ಸಾಗಣೆಗೆ 1,200, ಕ್ಯಾತ್ಸಂದ್ರಕ್ಕೆ ಹೋಗಿ ಕಂಬಕ್ಕೆ ಕೂರಿಸುವ ಒಂದು ದಿನಕ್ಕೆ 1,700. ಎಲ್ಲ ಕೂಡಿದರೆ 22,725 ಆಗುತ್ತದೆ. ನಿಮ್ಮ 26,000ದಲ್ಲಿ ಉಳಿಯುವ 3,275 ರೂಪಾಯಿಯಲ್ಲಿಯೇ ಅಂಗಡಿಯ ಬಾಡಿಗೆ, ಯಂತ್ರದ ಸವೆತ ಮತ್ತು ನಿಮ್ಮ ಲಾಭ ಬರಬೇಕು. ಇದನ್ನು ನೋಡಿದರೆ ನಿಮ್ಮ ದರ ಹೆಚ್ಚೆಂದು ನನಗೆ ಅನ್ನಿಸುವುದಿಲ್ಲ. ಆದರೆ ಒಂದೇ ಸಾಲಿನ ಕಾಗದ ನೋಡಿದ ಗ್ರಾಹಕರಿಗೆ ಇದು ಯಾವುದೂ ಕಾಣುವುದಿಲ್ಲ.

ಈಗ ಆ 19,500ರ ವಿಷಯ. ಇನ್ನೊಬ್ಬರದು ಕಳಪೆ ಕೆಲಸ ಎಂದು ದಯವಿಟ್ಟು ಹೇಳಬೇಡಿ, ಅವರ ಕಾಗದದಲ್ಲಿ ಏನು ಬರೆದಿದೆ ಎಂದು ಮೇಷ್ಟ್ರನ್ನೇ ಓದಲು ಕೇಳಿ. ಎರಡೇ ಪ್ರಶ್ನೆ ಸಾಕು: ಪೈಪು, ಸರಳು, ಶೀಟು ಯಾವ ಗೇಜಿನವು, ಮತ್ತು ಸಾಗಿಸಿ ಕೂರಿಸುವ ಖರ್ಚು ಸೇರಿದೆಯೇ? ಅವರು ಇದಕ್ಕಿಂತ ತೆಳುವಾದ 18 ಗೇಜ್ ಪೈಪು, 10 ಎಂ.ಎಂ. ಸರಳು, ಒಂದು ಎಂ.ಎಂ. ಶೀಟು ಹಾಕುವುದಾದರೆ ಅದೇ ಅಳತೆಯ ಗೇಟಿಗೆ ಸುಮಾರು 81 ಕೆಜಿ ಕಬ್ಬಿಣ ಸಾಕು. ಅಂದರೆ 46 ಕೆಜಿ ಕಡಿಮೆ, 3,450 ರೂಪಾಯಿ ಕಡಿಮೆ. ಇಬ್ಬರ ದರಗಳ ನಡುವಿನ ಅಂತರ 6,500 ಇರುವುದರಿಂದ, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕಬ್ಬಿಣದ ತೂಕದಿಂದ ಬಂದದ್ದು. ಸಾಗಣೆ ಮತ್ತು ಫಿಟಿಂಗ್ ಅವರಲ್ಲಿ ಬೇರೆ ಎಂದಾದರೆ ಇನ್ನೊಂದು 2,900ಕ್ಕೆ ಲೆಕ್ಕ ಸಿಕ್ಕಿತು. ಅವೆರಡೂ ಸೇರಿದ್ದು, ಗೇಜೂ ನಿಮ್ಮದೇ ಆಗಿದ್ದರೆ ಮಾತ್ರ ನೀವು ನಿಮ್ಮ ಲೆಕ್ಕವನ್ನು ಮತ್ತೆ ನೋಡಬೇಕಾಗುತ್ತದೆ. ಎಲ್ಲವೂ ಕಬ್ಬಿಣದ ದಪ್ಪದಿಂದಲೇ ಆದ ವ್ಯತ್ಯಾಸ ಎಂದು ಹೇಳಿಬಿಟ್ಟರೆ, ಲೆಕ್ಕ ಬಲ್ಲ ಮೇಷ್ಟ್ರು ಅದನ್ನು ಅಲ್ಲಿಯೇ ಹಿಡಿಯುತ್ತಾರೆ.

ಗೇಜನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಏಕೆಂದರೆ ಗೇಟು ಬೆಸುಗೆಯಾದ ಮೇಲೆ ಪೈಪಿನ ಬಾಯಿ ಮುಚ್ಚಿಹೋಗುತ್ತದೆ, ಬಣ್ಣ ಬಿದ್ದ ಮೇಲಂತೂ ಎರಡು ಗೇಟುಗಳೂ ಒಂದೇ ರೀತಿ ಕಾಣುತ್ತವೆ. ನಾನು ಮಾಡುವುದು ಇಷ್ಟು: ಉಳಿಯುವ ಪೈಪಿನಲ್ಲಿ ಒಂದು ಅಡಿಯ ತುಂಡನ್ನು ಕತ್ತರಿಸಿ ಕೊಟೇಶನ್ ಜೊತೆಗೆ ಗ್ರಾಹಕರ ಕೈಗೆ ಕೊಡುತ್ತೇನೆ. ಎರಡು ಇಂಚಿನ 14 ಗೇಜ್ ಪೈಪಿನ ಒಂದು ಅಡಿ ಸುಮಾರು 900 ಗ್ರಾಂ ತೂಗುತ್ತದೆ, 18 ಗೇಜಿನದು 560 ಗ್ರಾಂ ಆಸುಪಾಸು. ಅವರು ಬೀದಿಯ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಬಹುದು. ನಿಮಗೂ ಇದು ಒಳ್ಳೆಯದೇ, ಏಕೆಂದರೆ 14 ಗೇಜ್ ಎಂದು ಮಾರುವ ಪೈಪು ಕೆಲವು ಸಲ ಅಷ್ಟು ದಪ್ಪ ಇರುವುದಿಲ್ಲ, ಕಬ್ಬಿಣದ ಅಂಗಡಿಯಲ್ಲಿ ತೂಕ ನೋಡಿಯೇ ತರಬೇಕು.

ಶಿರಾದಿಂದ, ಗ್ರಿಲ್ ಅಂಗಡಿಯವರು:
ಇಷ್ಟೊಂದು ಬಿಡಿಸಿ ಬರೆದರೆ ಗ್ರಾಹಕರು ಒಂದೊಂದು ಸಾಲನ್ನೂ ಹಿಡಿದು ಚೌಕಾಸಿ ಮಾಡುತ್ತಾರೆ. ಚದರ ಅಡಿಗೆ ಇಂತಿಷ್ಟು ಎಂದು ಹೇಳಿ, ಕೊನೆಯಲ್ಲಿ 18 ಶೇಕಡಾ ಜಿಎಸ್‌ಟಿ ಬೇರೆ ತೋರಿಸಿದರೆ ಸಾಕು. ತೆರಿಗೆಯಿಂದಾಗಿ ದರ ಹೆಚ್ಚಾಯಿತು ಎಂದು ಅವರಿಗೂ ಅರ್ಥವಾಗುತ್ತದೆ.

ತುಮಕೂರಿನ ಹಿರಿಯ ಫ್ಯಾಬ್ರಿಕೇಟರ್:
ಚೌಕಾಸಿಯ ಮಾತು ನಿಜ. ಅದಕ್ಕೇ ನಾನು ಬರೆಯುವಾಗ ಕಬ್ಬಿಣ, ಕೆಲಸ, ಬಣ್ಣ, ಸಾಗಣೆ ಮತ್ತು ಫಿಟಿಂಗ್ ಎಂದು ನಾಲ್ಕು ಸಾಲಿಗೆ ನಿಲ್ಲಿಸುತ್ತೇನೆ. ರಾಡು, ಕರೆಂಟು, ಹಿಂಜು, ನನ್ನ ಉಳಿತಾಯ ಎಲ್ಲವೂ ಕೆಲಸದ ಸಾಲಿನೊಳಗೆ ಸೇರಿರುತ್ತವೆ. ಆದರೆ ಜಿಎಸ್‌ಟಿ ವಿಷಯದಲ್ಲಿ ನಿಮ್ಮ ಸಲಹೆ ಇವರಿಗೆ ಅನ್ವಯಿಸುವುದಿಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆದು ವಸೂಲಿ ಮಾಡುವಂತಿಲ್ಲ. ಇವರು ಕಬ್ಬಿಣಕ್ಕೆ ಕೊಟ್ಟ ತೆರಿಗೆ ಆ 75 ರೂಪಾಯಿಯೊಳಗೇ ಸೇರಿದೆ, ಅದು ಇವರಿಗೆ ವಾಪಸ್ ಬರುವುದಿಲ್ಲ. ನೋಂದಣಿ ಇರುವವರಾದರೆ ಕಬ್ಬಿಣವನ್ನು ತೆರಿಗೆ ಬಿಟ್ಟ ದರದಲ್ಲಿ, ಅಂದರೆ ಸುಮಾರು 63.50ರಂತೆ ಹಿಡಿದು ಕೊನೆಯಲ್ಲಿ ಒಟ್ಟು ಮೊತ್ತಕ್ಕೆ ತೆರಿಗೆ ಹಾಕಬೇಕು. ತೆರಿಗೆ ಸೇರಿದ ದರಕ್ಕೆ ಮತ್ತೆ ತೆರಿಗೆ ಹಾಕಿದರೆ ಗ್ರಾಹಕರ ಆಕ್ಷೇಪ ನ್ಯಾಯವಾದದ್ದೇ ಆಗುತ್ತದೆ.

ಕೊರಟಗೆರೆಯಿಂದ, ಮನೆ ಕಟ್ಟಿಸುತ್ತಿರುವವರು:
ನನ್ನ ಕಿಟಕಿ ಗ್ರಿಲ್ಲುಗಳಿಗೂ ಇದೇ ತಕರಾರು ಆಗಿದೆ. ಕೆಜಿ ಲೆಕ್ಕದಲ್ಲಿ ಮಾತಾಗಿತ್ತು. ಗ್ರಿಲ್ಲು ಬಂದ ಮೇಲೆ ಕಾಟಾದಲ್ಲಿ ತೂಗಿಸಿದರೆ ಬಿಲ್ಲಿನಲ್ಲಿದ್ದುದಕ್ಕಿಂತ ಕಡಿಮೆ ಬಂತು. ಹಾಗಾದರೆ ಕೆಜಿಗೆ ಎಷ್ಟು ಕೊಡುವುದು ನ್ಯಾಯ, ಅದನ್ನು ಹೇಳಿ ಸರ್.

ತುಮಕೂರಿನ ಹಿರಿಯ ಫ್ಯಾಬ್ರಿಕೇಟರ್:
ಸರಳು, ಮಜೂರಿ ನೋಡದೆ ನಿಮ್ಮ ಗ್ರಿಲ್ಲಿನ ದರ ಹೇಳಲಾರೆ ಸರ್. ಆದರೆ ನಿಮ್ಮ ತಕರಾರಿನಿಂದ ಗುಬ್ಬಿಯವರು ತಿಳಿದುಕೊಳ್ಳಬೇಕಾದದ್ದು ಇದೆ. ಇವರು ತರುವುದು 127 ಕೆಜಿ, ಗೇಟಿನಲ್ಲಿ ನಿಲ್ಲುವುದು ಸುಮಾರು 108 ಕೆಜಿ. ಪೈಪಿನ ತುಂಡುಗಳು ನಾಲ್ಕು ಕೆಜಿ, ಸರಳಿನ ತುಂಡುಗಳು ಆರು ಕೆಜಿ, ಶೀಟಿನಲ್ಲಿ ಉಳಿಯುವ ನಾಲ್ಕಕ್ಕೆ ಎರಡು ಅಡಿಯ ತುಂಡು ಒಂಬತ್ತು ಕೆಜಿ. ಮೇಷ್ಟ್ರು ನಾಳೆ ಗೇಟನ್ನು ತೂಗಿಸಿದರೆ 19 ಕೆಜಿ ಎಲ್ಲಿ ಹೋಯಿತು ಎಂದು ಕೇಳುವುದು ಸಹಜ. ಆದ್ದರಿಂದ ತರುವ ತೂಕ ಮತ್ತು ಗೇಟಿನ ತೂಕ ಎರಡನ್ನೂ ಮೊದಲೇ ಬರೆದಿಡಿ. ಶೀಟಿನ ಆ ದೊಡ್ಡ ತುಂಡು ನಿಮ್ಮ ಮುಂದಿನ ಕೆಲಸಕ್ಕೆ ಬರುವಂಥದ್ದು, ಅದರ ಬೆಲೆಯಾದ 675 ರೂಪಾಯಿಯನ್ನು ಕಳೆದು ತೋರಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಶಿರಾದಿಂದ, ಗ್ರಿಲ್ ಅಂಗಡಿಯವರು:
ಜಿಎಸ್‌ಟಿ ಮಾತು ಒಪ್ಪಿದೆ. ತುಂಡಿನ ಮಾತನ್ನು ಒಪ್ಪಲಾರೆ. ಆ ತುಂಡು ಅಂಗಡಿಯಲ್ಲಿ ಆರು ತಿಂಗಳು ತುಕ್ಕು ಹಿಡಿಯುತ್ತಾ ಬಿದ್ದಿರುತ್ತದೆ, ಶೀಟನ್ನು ಪೂರ್ತಿ ದುಡ್ಡು ಕೊಟ್ಟು ತಂದವರು ನಾವು. ಬೇಕಿದ್ದರೆ ಅದನ್ನು ಗ್ರಾಹಕರೇ ಒಯ್ಯಲಿ.

ಗುಬ್ಬಿಯ ವೆಲ್ಡಿಂಗ್ ಅಂಗಡಿಯವರು:
ತುಂಬ ಉಪಕಾರವಾಯಿತು ಅಣ್ಣ. ಮೇಷ್ಟ್ರಿಗೆ ಫೋನ್ ಮಾಡಿ ಕೇಳಿದೆ. ಅವರ ಬಳಿಯಿರುವ ಕಾಗದದಲ್ಲಿ 18 ಗೇಜ್ ಎಂದು ಇದೆಯಂತೆ, ಫಿಟಿಂಗ್ ಬಗ್ಗೆ ಏನೂ ಬರೆದಿಲ್ಲವಂತೆ, ವಿಚಾರಿಸುತ್ತೇನೆ ಎಂದರು. ಆದರೂ 24,500ಕ್ಕೆ ಇಳಿಸಲು ಸಾಧ್ಯವೇ ಎಂದು ಕೇಳುತ್ತಿದ್ದಾರೆ. ನನ್ನ ಉಳಿಕೆಯಿಂದ ಬಿಡಲೇ?

ತುಮಕೂರಿನ ಹಿರಿಯ ಫ್ಯಾಬ್ರಿಕೇಟರ್:
ಉಳಿಕೆಯಿಂದ 1,500 ಬಿಟ್ಟರೆ ನಿಮಗೆ ಅರ್ಧವೇ ಉಳಿಯುತ್ತದೆ. ಅಲ್ಲದೆ, ಕೇಳಿದ ತಕ್ಷಣ ಇಳಿಸಿದರೆ ಮೊದಲು ಹೇಳಿದ ದರದಲ್ಲಿ ಅಷ್ಟು ಹೆಚ್ಚುವರಿ ಇತ್ತೆಂದು ಅವರು ತಿಳಿಯುತ್ತಾರೆ. ಅದರ ಬದಲು ಸಾಮಾನು ಇಳಿಸಿ, ದರವನ್ನು ಇಳಿಸಿ. ಸರಳನ್ನು 12ರಿಂದ 10 ಎಂ.ಎಂ.ಗೆ ತಂದರೆ ಹತ್ತೂವರೆ ಕೆಜಿ, ಅಂದರೆ ಸುಮಾರು 790 ರೂಪಾಯಿ ಇಳಿಯುತ್ತದೆ. ಶೀಟನ್ನು 16ರಿಂದ 18 ಗೇಜಿಗೆ ತಂದರೆ ಇನ್ನೊಂದು 675. ಎರಡೂ ಸೇರಿ 1,465 ಆಯಿತು, ಅವರು ಕೇಳಿದ್ದಕ್ಕೆ ಬಹುತೇಕ ಸರಿಹೋಯಿತು. ಸರಳು, ಶೀಟು ತುಸು ತೆಳುವಾದರೆ ಗೇಟಿನ ಬಾಳಿಕೆಗೆ ದೊಡ್ಡ ಪೆಟ್ಟು ಬೀಳುವುದಿಲ್ಲ, ಕೆಳಗಿನ ಶೀಟು ಮಳೆನೀರು ನಿಲ್ಲುವ ಜಾಗದಲ್ಲಿ ಬೇಗ ತುಕ್ಕು ಹಿಡಿಯಬಹುದು, ಅದನ್ನು ಮಾತ್ರ ಮೊದಲೇ ಹೇಳಿ.

ಚೌಕಟ್ಟಿನ ಪೈಪನ್ನು ಮಾತ್ರ ಇಳಿಸಬೇಡಿ. ಆರು ಅಡಿ ಅಗಲದ ಒಂದು ಬಾಗಿಲು ಐವತ್ತು ಕೆಜಿ ಆಸುಪಾಸು ಇದ್ದು, ಒಂದೇ ಬದಿಯ ಹಿಂಜುಗಳ ಮೇಲೆ ನೇತಾಡುತ್ತದೆ. ಪೈಪು ತೆಳುವಾದರೆ ಹಿಂಜು ಬೆಸೆದ ಜಾಗದಲ್ಲಿ ಪೈಪಿನ ಮೈ ಒಳಕ್ಕೆ ತಗ್ಗುತ್ತದೆ, ಬಾಗಿಲಿನ ತುದಿ ಕೆಳಗಿಳಿದು ನೆಲ ಉಜ್ಜತೊಡಗುತ್ತದೆ, ಎರಡು ಬಾಗಿಲುಗಳ ಚಿಲಕ ಒಂದಕ್ಕೊಂದು ಕೂಡುವುದಿಲ್ಲ. ಆಗ ರಿಪೇರಿಗೆ ಮತ್ತೆ ಕ್ಯಾತ್ಸಂದ್ರಕ್ಕೆ ಹೋಗುವವರು ನೀವೇ. ಇದನ್ನು ಮೇಷ್ಟ್ರಿಗೆ ಇದೇ ಮಾತಿನಲ್ಲಿ ಹೇಳಿ, ಹಳೆಯ ಗೇಟೊಂದು ಜೋತುಬಿದ್ದಿರುವುದನ್ನು ಅವರ ಬೀದಿಯಲ್ಲಿಯೇ ತೋರಿಸಬಹುದು.

ಕೊಟೇಶನ್ನಿನ ಕೆಳಗೆ ಕಬ್ಬಿಣದ ದರ ಕೆಜಿಗೆ 75ರಂತೆ ಹಿಡಿದಿದೆ, ಈ ದರ ಹತ್ತು ದಿನಕ್ಕೆ ಮಾತ್ರ ಎಂದು ಬರೆಯಿರಿ. ಕಂಬಕ್ಕೆ ಕೂರಿಸುವಾಗ ಬೇಕಾಗುವ ಸಿಮೆಂಟು, ಗಾರೆ ಕೆಲಸ ಯಾರದು ಎಂಬುದನ್ನೂ ಸೇರಿಸಿ, ಅದನ್ನು ನಿಮ್ಮ ಲೆಕ್ಕದಲ್ಲಿ ಎಲ್ಲಿಯೂ ಕಾಣಲಿಲ್ಲ.

ಗುಬ್ಬಿಯ ವೆಲ್ಡಿಂಗ್ ಅಂಗಡಿಯವರು:
ಗಾರೆ ಕೆಲಸ ಅವರದೇ ಎಂದುಕೊಂಡಿದ್ದೆ, ಕೇಳಿರಲಿಲ್ಲ. ನಾಳೆ ಪೈಪಿನ ತುಂಡು ತೆಗೆದುಕೊಂಡು ಅವರ ಮನೆಗೇ ಹೋಗುತ್ತೇನೆ. ಶೀಟಿನ ಉಳಿದ ತುಂಡನ್ನು ಅವರಿಗೇ ಕೊಡುವುದೋ, ಬೆಲೆ ಕಳೆಯುವುದೋ ಎಂದು ಇನ್ನೂ ತೀರ್ಮಾನಿಸಿಲ್ಲ.